ಏನನ್ನೂ ಬೇಡದ ಒಂದು ಓಲೆ

ಪರಸ್ಥಳಗಳಲ್ಲಿ ನೆಲೆಸಿದ ನಮ್ಮ ಕನ್ನಡ ಮನೆಗಳಲ್ಲಿ ಈಗ ಸಾಫ್ಟ್‌ವೇರ್ ಕಚೇರಿಗೆ ಹೋಗುವ ಮಗನೋ ಮಗಳೋ ಸೊಸೆಯೋ ಇರುವುದು ಸಾಮಾನ್ಯವಾಗಿದೆ. ಅವರಲ್ಲಿ ಕೆಲವರಾದರೂ ಚೈತ್ರಮಾಸ ಹತ್ತಿರವಾದಾಗ ಒಂದು ಸಣ್ಣ ಕೆಲಸಕ್ಕೆ ಸಿಕ್ಕಿಕೊಳ್ಳುತ್ತಾರೆ. "ನೀವು ಕನ್ನಡದವರಲ್ಲವೆ, ನಮ್ಮ ಕ್ಲೈಂಟುಗಳಿಗೆ ಯುಗಾದಿಯ ಶುಭಾಶಯದ ಇಮೇಲನ್ನು ನೀವೇ ಬರೆದುಕೊಡಿ" ಎಂದು ಮೇಲಧಿಕಾರಿಗಳು ಹೇಳಿಬಿಡುತ್ತಾರೆ. ಹತ್ತು ಸಾಲಿನ ಪತ್ರ, ಅರ್ಧ ಗಂಟೆಯ ಕೆಲಸ ಎಂದುಕೊಂಡು ಕುಳಿತವರು ಸಂಜೆಯವರೆಗೂ ಅದನ್ನೇ ತಿದ್ದುತ್ತ ಕೂಡುವುದನ್ನು ನಾವು ಬಲ್ಲೆವು. ಆ ಹತ್ತು ಸಾಲನ್ನು ಹೇಗೆ ಬರೆಯಬೇಕು, ಹೇಗೆ ಕಳುಹಿಸಬೇಕು, ಯಾವುದನ್ನು ಬರೆಯಲೇಬಾರದು ಎಂಬುದನ್ನು ಇಲ್ಲಿ ಸಾವಕಾಶವಾಗಿ ವಿಚಾರಿಸೋಣ.

ಸಾಫ್ಟ್‌ವೇರ್ ಸೇವಾ ಸಂಸ್ಥೆ ಎಂದರೇನೆಂಬುದನ್ನು ಮನೆಯ ಹಿರಿಯರಿಗಾಗಿ ಮೊದಲು ಎರಡು ಮಾತಿನಲ್ಲಿ ಹೇಳಿಬಿಡುವುದು ಲೇಸು. ಅದು ಅಂಗಡಿಯಲ್ಲಿ ಸಾಮಾನು ಮಾರಿದಂತೆ ಒಮ್ಮೆ ಮಾರಿ ಕೈತೊಳೆದುಕೊಳ್ಳುವ ವ್ಯಾಪಾರವಲ್ಲ. ಬೇರೊಂದು ಕಾರ್ಖಾನೆಯ ಸಂಬಳದ ಲೆಕ್ಕ, ಉಗ್ರಾಣದ ದಾಸ್ತಾನು, ಬಿಲ್ಲು ಬರೆಯುವ ವ್ಯವಸ್ಥೆ, ಇವನ್ನು ವರ್ಷಾನುವರ್ಷ ನಡೆಸಿಕೊಂಡು ಹೋಗುವ ಕೆಲಸ ಅದು. ಆದುದರಿಂದ ಸಂಸ್ಥೆಗೂ ಅದರ ಗ್ರಾಹಕರಿಗೂ ನಡುವೆ ಪತ್ರಗಳು ದಿನಾಲು ಓಡಾಡುತ್ತವೆ. ಇಂಥಿಂಥ ಯಂತ್ರ ನಿಂತಿದೆ, ದುರಸ್ತಿಗೆ ಎರಡು ಗಂಟೆ ಬೇಕು. ಕಳೆದ ತಿಂಗಳ ಬಿಲ್ಲು ಇನ್ನೂ ಸಂದಾಯವಾಗಿಲ್ಲ. ಒಪ್ಪಂದದ ಅವಧಿ ಮುಗಿಯುತ್ತಿದೆ, ಸಹಿ ಬೇಕು. ಗಮನಿಸಿ ನೋಡಿದರೆ ಈ ಪತ್ರಗಳೆಲ್ಲ ಏನಾದರೊಂದನ್ನು ಕೇಳುವಂಥವೇ. ಹಣ ಕೇಳುತ್ತವೆ, ಸಮಯ ಕೇಳುತ್ತವೆ, ಇಲ್ಲವೆ ತಾಳ್ಮೆ ಕೇಳುತ್ತವೆ. ವರ್ಷದಲ್ಲಿ ಒಂದೇ ಒಂದು ಪತ್ರ ಮಾತ್ರ ಏನನ್ನೂ ಕೇಳದೆ ಹೋಗಬಲ್ಲದು. ಅದೇ ಹಬ್ಬದ ಓಲೆ. ಅದೂ ಕೊನೆಗೆ ಕೈಚಾಚಿತೆಂದರೆ, ಮುಂದಿನ ವರ್ಷ ಅದನ್ನು ತೆರೆದು ನೋಡುವವರೇ ಇರುವುದಿಲ್ಲ.

ಯುಗಾದಿಯೇ ಏಕೆ, ಯಾವ ದಿನ?

ದೀಪಾವಳಿಗೆ ಬರೆದರೆ ಸಾಲದೆ ಎಂದು ಕೇಳುವವರುಂಟು. ದೀಪಾವಳಿಯ ವಾರದಲ್ಲಿ ದೊಡ್ಡ ಸಂಸ್ಥೆಯ ಅಧಿಕಾರಿಯೊಬ್ಬರಿಗೆ ಬರುವ ಶುಭಾಶಯಗಳು ರಾಶಿ ರಾಶಿ. ದೀಪದ ಚಿತ್ರವೊಂದರ ಕೆಳಗೆ ಇನ್ನೊಂದು ದೀಪದ ಚಿತ್ರ. ಅವರು ಎಲ್ಲವನ್ನೂ ಒಟ್ಟಿಗೆ ಅಳಿಸಿಹಾಕುತ್ತಾರೆ. ಯುಗಾದಿಯ ಓಲೆಯಾದರೋ ಬಹುಶಃ ಒಂಟಿಯಾಗಿ ಬರುತ್ತದೆ. ಬಂದ ಒಂಟಿ ಅತಿಥಿಯನ್ನು ಕೂಡಿಸಿ ಮಾತನಾಡಿಸುವುದು ಸುಲಭ.

ಆದರೆ ಯುಗಾದಿಗೆ ಒಂದು ತೊಡಕೂ ಉಂಟು. ನಮ್ಮ ಚಾಂದ್ರಮಾನ ವರ್ಷದ ಹನ್ನೆರಡು ತಿಂಗಳು ಕೂಡಿದರೆ ಸುಮಾರು 354 ದಿನಗಳಾಗುತ್ತವೆ. ಇಂಗ್ಲಿಷ್ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಆದುದರಿಂದ ಹಬ್ಬವು ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ, ಅಧಿಕಮಾಸ ಬಂದಾಗ ಮತ್ತೆ ಮುಂದಕ್ಕೆ ನೆಗೆಯುತ್ತದೆ. 2024ರಲ್ಲಿ ಏಪ್ರಿಲ್ 9ಕ್ಕೆ ಇದ್ದದ್ದು 2025ರಲ್ಲಿ ಮಾರ್ಚ್ 30ಕ್ಕೂ 2026ರಲ್ಲಿ ಮಾರ್ಚ್ 19ಕ್ಕೂ ಬಂತು. 2026ರಲ್ಲಿ ಅಧಿಕ ಜ್ಯೇಷ್ಠ ಬೀಳುವುದರಿಂದ 2027ರ ಯುಗಾದಿ ಏಪ್ರಿಲ್ 7ಕ್ಕೆ.

ಇದರಿಂದ ಕಚೇರಿಗೆ ಏನಾಗುತ್ತದೆ? ಮಾರ್ಚ್ 31 ನಮ್ಮ ದೇಶದ ಲೆಕ್ಕದ ವರ್ಷದ ಕೊನೆಯ ದಿನ. ಅದರ ಹಿಂದಿನ ಎರಡು ವಾರ ಗ್ರಾಹಕ ಸಂಸ್ಥೆಯ ಲೆಕ್ಕಪತ್ರದವರಿಗೆ ಊಟ ನಿದ್ರೆಗಳಿರುವುದಿಲ್ಲ. ಆ ದಿನಗಳಲ್ಲಿ ಹೊರಗಿನ ಸೇವಾ ಸಂಸ್ಥೆಯಿಂದ ಬಂದ ಯಾವುದೇ ಪತ್ರವನ್ನು ಅವರು "ಇದೂ ದುಡ್ಡಿನ ಮಾತೇ" ಎಂಬ ಸಂಶಯದಿಂದಲೇ ತೆರೆಯುತ್ತಾರೆ. ಹಬ್ಬ ಏಪ್ರಿಲಿನಲ್ಲಿ ಬಿದ್ದ ವರ್ಷ ಈ ಸಂಶಯ ಕಡಿಮೆ. ಮಾರ್ಚಿನ ಕೊನೆಗೆ ಬಿದ್ದ ವರ್ಷ ಹೆಚ್ಚು. ಅಂಥ ವರ್ಷ ಪತ್ರವು ಮೊದಲ ಸಾಲಿನಿಂದಲೇ ಶುದ್ಧವಾದ ಶುಭಾಶಯವೆಂದು ಕಾಣಬೇಕು.

ಒಂದೇ ದಿನ, ಹಲವು ಹೆಸರು

ಎರಡನೆಯ ಎಚ್ಚರಿಕೆ ಪತ್ರ ಓದುವವರು ಯಾರೆಂಬುದು. ನಾವಿರುವ ಊರುಗಳಲ್ಲಿ ಗ್ರಾಹಕರೆಲ್ಲ ಕನ್ನಡಿಗರಲ್ಲ. ಪುಣೆ ಮುಂಬಯಿಗಳ ಮರಾಠಿ ಮನೆಗಳಲ್ಲಿ ಅದೇ ದಿನ ಗುಡಿ ಪಾಡವಾ. ಅವರೂ ಬೇವಿನ ಎಲೆಯನ್ನು ಬೆಲ್ಲದೊಡನೆ ತಿನ್ನುವವರು. ಹೈದರಾಬಾದಿನ ತೆಲುಗರಿಗೆ ಅದು ಉಗಾದಿ. ಅವರು ಬೇವಿನ ಹೂವು, ಬೆಲ್ಲ, ಹುಣಸೆ, ಮಾವಿನಕಾಯಿ, ಉಪ್ಪು, ಖಾರ ಕೂಡಿಸಿ ಆರು ರುಚಿಯ ಪಚ್ಚಡಿ ಮಾಡುತ್ತಾರೆ. ದೆಹಲಿಯ ಕಡೆಯವರಿಗೆ ಅಂದು ಚೈತ್ರ ನವರಾತ್ರಿಯ ಆರಂಭ, ಅನೇಕರಿಗೆ ಉಪವಾಸ. ತಮಿಳರ ವರ್ಷಾರಂಭವಾದರೋ ಸೌರಮಾನದ ಲೆಕ್ಕದಲ್ಲಿ ಏಪ್ರಿಲ್ 14ರ ಸುಮಾರಿಗೆ. ಗುಜರಾತಿ ವ್ಯಾಪಾರಿಗೆ ಹೊಸ ವರ್ಷ ದೀಪಾವಳಿಯ ಮಾರನೆಯ ಪಾಡ್ಯಕ್ಕೆ.

ಹೀಗಿರುವಾಗ ಎಲ್ಲರಿಗೂ "ನಿಮ್ಮ ಹೊಸ ವರ್ಷ ಶುಭವಾಗಲಿ" ಎಂದು ಬರೆದರೆ ಚೆನ್ನೈಯವರು ನಕ್ಕು ಸುಮ್ಮನಾಗುತ್ತಾರೆ. "ನಮ್ಮ ಮನೆಗಳಲ್ಲಿ ಭಾನುವಾರ ಹೊಸ ವರ್ಷ, ಅದರ ಸಂತೋಷದಲ್ಲಿ ನಿಮ್ಮನ್ನು ನೆನೆಯುತ್ತೇವೆ" ಎಂದು ಬರೆದರೆ ಯಾರಿಗೂ ಅಸಂಗತವಾಗುವುದಿಲ್ಲ. ಹಬ್ಬ ನಮ್ಮದೆಂದು ಹೇಳಿಕೊಂಡು ಅದರ ಎಡೆಯನ್ನು ನೆರೆಮನೆಗೆ ಕಳುಹಿಸಿದಂತೆ ಇದು. ನೆರೆಯವರಿಗೂ ಅಂದೇ ಹಬ್ಬವಿದ್ದರೆ ಅದರ ಹೆಸರನ್ನು ಅವರ ಮಾತಿನಲ್ಲೇ ಹೇಳುವುದು ಇನ್ನೂ ಚೆಂದ. ಮರಾಠಿಯವರಿಗೆ ಗುಡಿ ಪಾಡವಾ ಎಂದೇ ಬರೆಯಬೇಕು.

ಸಂವತ್ಸರದ ಹೆಸರನ್ನು ಪತ್ರದ ತಲೆಯಲ್ಲಿ ಬರೆಯುವ ಆಸೆ ನಮ್ಮಲ್ಲಿ ಬಹಳ. ಅದು ಮನೆಯ ಪಂಚಾಂಗ ಶ್ರವಣಕ್ಕೆ ಶೋಭಿಸುತ್ತದೆ. ಕಚೇರಿಯ ಪತ್ರಕ್ಕೆ ಸ್ವಲ್ಪ ಯೋಚಿಸಬೇಕು. ಅರವತ್ತು ಹೆಸರುಗಳಲ್ಲಿ ಎಲ್ಲವೂ ಮಂಗಳಕರವಾಗಿ ಕೇಳಿಸುವಂಥವಲ್ಲ. 2024ರಲ್ಲಿ ಮೊದಲಾದದ್ದು ಕ್ರೋಧಿ, 2025ರದು ವಿಶ್ವಾವಸು, 2026ರದು ಪರಾಭವ. ಸೋಲು ಎಂಬರ್ಥದ ಪರಾಭವ ಶಬ್ದ ಕನ್ನಡದಲ್ಲಿ ಹೇಗೋ ಮರಾಠಿಯಲ್ಲಿಯೂ ಹಾಗೆಯೇ ಬಳಕೆಯಲ್ಲಿದೆ. "ಪರಾಭವದ ಶುಭಾಶಯಗಳು" ಎಂಬ ತಲೆಬರಹ ಪುಣೆಯ ಕಾರ್ಖಾನೆಯ ಯಜಮಾನರ ಕಣ್ಣಿಗೆ ಬಿದ್ದರೆ ಏನೆಂದಾರು? ಮೇಲಾಗಿ ಉತ್ತರ ಹಿಂದೂಸ್ಥಾನದ ಲೆಕ್ಕದಲ್ಲಿ ಅದೇ ವರ್ಷಕ್ಕೆ ಬೇರೆ ಸಂವತ್ಸರದ ಹೆಸರು. ಬರಿಯ "ಯುಗಾದಿಯ ಶುಭಾಶಯಗಳು" ಎಂದರೆ ಈ ಎರಡು ತೊಂದರೆಯೂ ಇಲ್ಲ.

ಒಂದು ಪತ್ರದ ಕರಡು

ಇನ್ನು ಒಂದು ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಪುಣೆಯ ಹಿಂಜವಡಿಯಲ್ಲಿ ಅರವತ್ತು ಜನ ಕೆಲಸ ಮಾಡುವ ಒಂದು ಸಂಸ್ಥೆ, ಅದಕ್ಕೆ ನಲವತ್ತು ಗ್ರಾಹಕ ಸಂಸ್ಥೆಗಳು ಎಂದು ಕಲ್ಪಿಸಿಕೊಳ್ಳಿ. ಅವುಗಳಲ್ಲೊಂದು ಸರಕು ಸಾಗಿಸುವ ಕಂಪನಿ. ಅದರ ಉಗ್ರಾಣದ ಲೆಕ್ಕವೆಲ್ಲ ನಮ್ಮ ಕಲ್ಪನೆಯ ಸಂಸ್ಥೆಯ ಕೈಯಲ್ಲಿದೆ. ವರ್ಷ 2025. ಯುಗಾದಿ ಭಾನುವಾರ, ಮಾರ್ಚ್ 30. ಸೋಮವಾರ ಲೆಕ್ಕದ ವರ್ಷದ ಕೊನೆಯ ದಿನ. ರಂಜಾನ್ ಹಬ್ಬವೂ ಅದೇ ಹೊತ್ತಿಗೆ. ಭಾನುವಾರ ಪತ್ರ ಕಳುಹಿಸಿದರೆ ಹೋಳಿಗೆ ತಿನ್ನುತ್ತಿರುವವರ ಫೋನು ಕಚೇರಿಯ ಹೆಸರು ಹೊತ್ತು ಗುಣುಗುಟ್ಟುತ್ತದೆ. ಸೋಮವಾರ ಕಳುಹಿಸಿದರೆ ಬಿಲ್ಲುಗಳ ರಾಶಿಯಡಿ ಮುಚ್ಚಿಹೋಗುತ್ತದೆ. ಆದುದರಿಂದ ಶುಕ್ರವಾರ, ಮಾರ್ಚ್ 28, ಬೆಳಗಿನ ಹತ್ತು ಹನ್ನೊಂದರ ಸಮಯವೇ ಸರಿ.

ಇಂಥ ಕಚೇರಿಯಲ್ಲಿ ಮೊದಲು ಸಿದ್ಧವಾಗುವ ಕರಡು ಬಹುಮಟ್ಟಿಗೆ ಹೀಗಿರುತ್ತದೆ:

"ನಮ್ಮ ಅಮೂಲ್ಯ ಗ್ರಾಹಕರೇ, ಯುಗಾದಿಯ ಈ ಶುಭ ಸಂದರ್ಭದಲ್ಲಿ ನಿಮ್ಮ ಸಂಸ್ಥೆಗೆ ಸುಖ ಸಮೃದ್ಧಿಗಳನ್ನು ಹಾರೈಸುತ್ತೇವೆ. ಕಳೆದ ವರ್ಷ ನಾವು ಅನೇಕ ಹೊಸ ಸೇವೆಗಳನ್ನು ಆರಂಭಿಸಿದೆವೆಂದು ತಿಳಿಸಲು ಹರ್ಷಿಸುತ್ತೇವೆ. ಏಪ್ರಿಲ್ 15ರೊಳಗೆ ಒಪ್ಪಂದ ನವೀಕರಿಸುವವರಿಗೆ ಹಬ್ಬದ ವಿಶೇಷ ರಿಯಾಯತಿ ಉಂಟು. ಭಾನುವಾರ ಮತ್ತು ಸೋಮವಾರ ಕಚೇರಿಗೆ ರಜೆ. ತುರ್ತಿನ ಸಂಖ್ಯೆಗೆ ಇಲ್ಲಿ ಒತ್ತಿರಿ."

ಇದರಲ್ಲಿ ಒಂದೊಂದನ್ನೇ ಪರೀಕ್ಷಿಸೋಣ. ರಿಯಾಯತಿಯ ಮಾತನ್ನು ಹೊಡೆದುಹಾಕಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ಹೊಸ ಸೇವೆಗಳ ಸಾಲು ಅದಕ್ಕಿಂತ ಮೋಸಗಾರ. ಅದು ಮಾರಾಟದಂತೆ ಕಾಣುವುದಿಲ್ಲ, ಸುದ್ದಿಯಂತೆ ಕಾಣುತ್ತದೆ. ಆದರೆ ಓದುವವರು ಅದನ್ನು ಓದಿದ ಕ್ಷಣವೇ "ಓ, ಪತ್ರ ಬಂದದ್ದು ಇದಕ್ಕಾಗಿ" ಎಂದುಕೊಳ್ಳುತ್ತಾರೆ. ಆಮೇಲೆ ಮೇಲಿನ ಶುಭಾಶಯವೂ ಪೀಠಿಕೆಯಾಗಿಬಿಡುತ್ತದೆ. ಅದೂ ಹೋಗಬೇಕು.

ರಜೆಯ ವಿಷಯ ಬೇರೆ. ಅದು ನಿಜವಾಗಿಯೂ ಬೇಕಾದ ಸಮಾಚಾರ. ಭಾನುವಾರ ಉಗ್ರಾಣದ ಯಂತ್ರ ನಿಂತರೆ ಯಾರನ್ನು ಕರೆಯಬೇಕೆಂಬುದು ಗೊತ್ತಿರಲೇಬೇಕು. ಆದರೆ ಶುಭಾಶಯ ಹೋಗುವುದು ಕಂಪನಿಯ ಅಧಿಕಾರಿಗಳಿಗೆ. ರಾತ್ರಿ ಪಾಳಿಯಲ್ಲಿ ಯಂತ್ರ ನೋಡಿಕೊಳ್ಳುವವರು ಬೇರೆ ಜನ. ಅಧಿಕಾರಿಯ ಹಬ್ಬದ ಪತ್ರದ ನಾಲ್ಕನೆಯ ಸಾಲಿನಲ್ಲಿ ಆ ಸಂಖ್ಯೆಯನ್ನು ಹೂತಿಟ್ಟರೆ ಪಾಳಿಯವನಿಗೆ ಅದು ಎಂದೂ ತಲಪುವುದಿಲ್ಲ. ರಜೆಯ ಸೂಚನೆ ಒಂದು ವಾರ ಮುಂಚೆ, ತನ್ನದೇ ತಲೆಬರಹದಿಂದ, ಕೆಲಸ ನೋಡುವವರಿಗೆ ಪ್ರತ್ಯೇಕವಾಗಿ ಹೋಗತಕ್ಕದ್ದು.

ಉಳಿದದ್ದು "ಸುಖ ಸಮೃದ್ಧಿ". ತಪ್ಪೇನೂ ಇಲ್ಲದ ಮಾತು. ಆದರೆ ನಲವತ್ತು ಗ್ರಾಹಕರಲ್ಲಿ ಒಬ್ಬರು ಕಳೆದ ವರ್ಷ ಒಂದು ಘಟಕವನ್ನೇ ಮುಚ್ಚಿ ಜನರನ್ನು ಮನೆಗೆ ಕಳುಹಿಸಿರಬಹುದು. ಅವರ ಕಿವಿಗೆ ಈ ಮಾತು ಟೊಳ್ಳಾಗಿ ಕೇಳಿಸುತ್ತದೆ. ಇಲ್ಲಿಯೇ ಯುಗಾದಿ ನಮ್ಮ ಸಹಾಯಕ್ಕೆ ಬರುತ್ತದೆ. ಬೇರೆ ಹಬ್ಬಗಳ ಓಲೆಯಲ್ಲಿ ಸಿಹಿಯನ್ನು ಮಾತ್ರ ಹೇಳಬೇಕು. ಯುಗಾದಿಯಲ್ಲಿ ಕಹಿಗೂ ಜಾಗವುಂಟು. ಬೆಲ್ಲದೊಡನೆ ಬೇವನ್ನೂ ಬಾಯಿಗಿಟ್ಟುಕೊಳ್ಳುವ ಹಬ್ಬವಿದು. ಕಳೆದ ವರ್ಷ ನಾವೂ ನೀವೂ ಕೂಡಿ ಉಂಡ ಒಂದು ಕಹಿಯನ್ನು ಒಂದೇ ವಾಕ್ಯದಲ್ಲಿ ನೆನೆಸಿಕೊಂಡರೆ ಪತ್ರ ಒಮ್ಮೆಲೇ ನಿಜವಾಗುತ್ತದೆ.

ನಮ್ಮ ಉದಾಹರಣೆಯ ವರ್ಷಕ್ಕೆ ಅಂಥ ಕಹಿ ಹುಡುಕಬೇಕಾಗಿಲ್ಲ. 2024ರ ಜುಲೈ 19, ಶುಕ್ರವಾರ, ಒಂದು ಭದ್ರತಾ ತಂತ್ರಾಂಶದ ದೋಷಪೂರಿತ ನವೀಕರಣದಿಂದ ಜಗತ್ತಿನಲ್ಲೆಲ್ಲ ವಿಂಡೋಸ್ ಗಣಕಗಳು ನೀಲಿ ತೆರೆ ತೋರಿಸಿ ನಿಂತುಬಿಟ್ಟವು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸು ಕೊಟ್ಟರು. ದೋಷವನ್ನು ತೆಗೆಯುವ ಬಗೆ ಬೇಗ ತಿಳಿಯಿತು. ಆದರೆ ಅನೇಕ ಕಡೆ ಒಂದೊಂದು ಗಣಕದ ಮುಂದೆಯೂ ಮನುಷ್ಯ ಕುಳಿತು ಕೈಯಿಂದಲೇ ಸರಿಪಡಿಸಬೇಕಾಯಿತು. ನಮ್ಮ ಕಲ್ಪನೆಯ ಸರಕು ಕಂಪನಿಯವರೂ ಅಂದು ಚೀಟಿಯ ಮೇಲೆ ಬರೆದು ಲಾರಿಗಳನ್ನು ಹೊರಡಿಸಿದರೆಂದು ಇಟ್ಟುಕೊಳ್ಳೋಣ. ಹಾಗಾದರೆ ತಿದ್ದಿದ ಪತ್ರ ಹೀಗಾಗುತ್ತದೆ:

"ಮಾನ್ಯರಿಗೆ ನಮಸ್ಕಾರ.

ಬರುವ ಭಾನುವಾರ ಯುಗಾದಿ. ನಮ್ಮ ಕಚೇರಿಯ ಕನ್ನಡ, ತೆಲುಗು ಮನೆಗಳಲ್ಲಿ ಅಂದು ಹೊಸ ವರ್ಷ. ನಿಮ್ಮಲ್ಲಿ ಅನೇಕರ ಮನೆಯ ಮುಂದೆ ಅಂದೇ ಗುಡಿ ಏರುತ್ತದೆ.

ಈ ದಿನ ಬೆಳಿಗ್ಗೆ ಬೇವನ್ನೂ ಬೆಲ್ಲವನ್ನೂ ಒಟ್ಟಿಗೆ ತಿನ್ನುವುದು ನಮ್ಮ ರೂಢಿ. ವರ್ಷದ ಕಹಿ ಸಿಹಿಗಳೆರಡನ್ನೂ ಒಂದೇ ಮನಸ್ಸಿನಿಂದ ತೆಗೆದುಕೊಳ್ಳಬೇಕೆಂಬುದು ಅದರ ಅರ್ಥ. ಕಳೆದ ಜುಲೈ 19ರಂದು ನಿಮ್ಮ ಉಗ್ರಾಣದವರು ಕೈಬರಹದ ಚೀಟಿಗಳ ಮೇಲೆ ಲಾರಿಗಳನ್ನು ಕಳುಹಿಸುತ್ತ, ನಮ್ಮವರಿಗೆ ಸಮಾಧಾನದಿಂದ ಕೆಲಸ ಮಾಡಲು ಅವಕಾಶ ಕೊಟ್ಟರು. ಅವರ ತಾಳ್ಮೆಯನ್ನು ನಾವು ಮರೆತಿಲ್ಲ. ದಯವಿಟ್ಟು ಅವರಿಗೂ ನಮ್ಮ ನಮಸ್ಕಾರ.

ನಿಮಗೂ ನಿಮ್ಮ ಮನೆಯವರಿಗೂ ಯುಗಾದಿಯ, ಗುಡಿ ಪಾಡವಾದ ಶುಭಾಶಯಗಳು. ಈ ದಿನಗಳಲ್ಲೇ ರಂಜಾನ್ ಆಚರಿಸುವ ಎಲ್ಲರಿಗೂ ನಮ್ಮ ಹಾರೈಕೆಗಳು."

ಕೆಳಗೆ ಒಬ್ಬ ಮನುಷ್ಯರ ಹೆಸರು, ಅಷ್ಟೆ. ಇದನ್ನು ಇಂಗ್ಲಿಷಿನಲ್ಲಿ ಬರೆದರೂ ಫೋನಿನ ಒಂದೇ ತೆರೆಯಲ್ಲಿ ಹೆಚ್ಚು ಕಡಿಮೆ ಓದಿ ಮುಗಿಯುತ್ತದೆ.

ಇದರಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಕಹಿಯ ವಾಕ್ಯದಲ್ಲಿ ಹೊಗಳಿಕೆ ಇರುವುದು ಗ್ರಾಹಕರ ಉಗ್ರಾಣದವರಿಗೆ, ನಮ್ಮವರಿಗಲ್ಲ. "ನಮ್ಮ ತಂಡ ಹಗಲಿರುಳು ದುಡಿದು ನಿಮ್ಮನ್ನು ಪಾರುಮಾಡಿತು" ಎಂದು ಬರೆದಿದ್ದರೆ ಅದು ಜಾಹೀರಾತೇ ಆಗುತ್ತಿತ್ತು. ಎರಡನೆಯದಾಗಿ, ಆ ಕಹಿ ಯಾರ ತಪ್ಪಿನಿಂದಲೂ ಇಬ್ಬರ ನಡುವೆ ಜಗಳವಾಗದಂಥದು. ಸೇವಾ ಸಂಸ್ಥೆಯ ಕೈತಪ್ಪಿನಿಂದಲೇ ಆದ ನಷ್ಟವಿದ್ದರೆ ಅದರ ಕ್ಷಮಾಪಣೆ ಆಗಲೇ, ಆ ವಾರವೇ, ಪ್ರತ್ಯೇಕ ಪತ್ರದಲ್ಲಿ ಹೋಗಿರಬೇಕು. ಎಂಟು ತಿಂಗಳ ಮೇಲೆ ಬೇವು ಬೆಲ್ಲದಲ್ಲಿ ಕಲಸಿ ಕೊಡುವುದು ಸಲ್ಲದು. ಮೂರನೆಯದಾಗಿ, ರಂಜಾನಿನ ತಾರೀಖನ್ನು ಬರೆದಿಲ್ಲ. ಚಂದ್ರದರ್ಶನವಾಗದೆ ಅದು ನಿಶ್ಚಯವಾಗುವುದಿಲ್ಲ. ಶುಕ್ರವಾರ ಬರೆಯುವವರಿಗೆ ಸೋಮವಾರವೋ ಮಂಗಳವಾರವೋ ತಿಳಿಯದು. 2025ರಲ್ಲಿ ಅದು ಸೋಮವಾರವೇ ಆಯಿತು.

ಇಂಥ ವಾಕ್ಯ ನಲವತ್ತು ಗ್ರಾಹಕರಿಗೆ ಒಂದೇ ಆಗಿರಲಾರದು. ಪತ್ರದ ಉಳಿದ ಭಾಗ ಎಲ್ಲರಿಗೂ ಒಂದೇ ಇರಲಿ. ಆ ಒಂದು ವಾಕ್ಯವನ್ನು ಮಾತ್ರ ಆಯಾ ಗ್ರಾಹಕರೊಡನೆ ದಿನಾಲು ವ್ಯವಹರಿಸುವವರೇ ಬರೆದುಕೊಡಲಿ. ಎಂಟು ಜನರಿದ್ದರೆ ತಲೆಗೆ ಐದು ವಾಕ್ಯ. ನಿಜವಾದ ಮಾತು ಯಾವುದೂ ಹೊಳೆಯದಿದ್ದರೆ ಆ ಜಾಗವನ್ನು ಬಿಟ್ಟೇಬಿಡಬೇಕು. ಹೊಳೆಯದ ಕಡೆ ಕಟ್ಟಿ ಬರೆದ ನೆನಪು ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ಕಳುಹಿಸುವಲ್ಲಿ ಕೆಡುವ ಬಗೆಗಳು

ಒಳ್ಳೆಯ ಪತ್ರವೂ ಕಳುಹಿಸುವಾಗ ಕೆಡಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ ನಲವತ್ತು ವಿಳಾಸಗಳನ್ನೂ ಒಂದೇ ಪತ್ರದ ಮೇಲೆ ಎಲ್ಲರಿಗೂ ಕಾಣುವಂತೆ ಹಾಕುವುದು. ಅವರಲ್ಲಿ ಇಬ್ಬರು ಪರಸ್ಪರ ಸ್ಪರ್ಧಿಗಳಾಗಿರಬಹುದು. ತಮ್ಮ ಉಗ್ರಾಣದ ಲೆಕ್ಕ ನೋಡುವವರೇ ಎದುರಾಳಿಯದನ್ನೂ ನೋಡುತ್ತಾರೆಂಬುದು ಹಬ್ಬದ ಓಲೆಯಿಂದ ತಿಳಿದರೆ ಹೇಗಾದೀತು? ಅನೇಕ ಒಪ್ಪಂದಗಳಲ್ಲಿ ಗ್ರಾಹಕರ ಹೆಸರನ್ನು ಗುಟ್ಟಾಗಿಡುವ ಷರತ್ತೇ ಇರುತ್ತದೆ. ಒಂದು ಶುಭಾಶಯ ಅದನ್ನು ಮುರಿದುಬಿಡುತ್ತದೆ. ಬಿ.ಸಿ.ಸಿ. ಎಂಬ ಗುಪ್ತ ಸಾಲಿನಲ್ಲಿ ವಿಳಾಸ ಹಾಕಿದರೆ ಗುಟ್ಟೇನೋ ಉಳಿಯುತ್ತದೆ, ಆದರೆ ಪತ್ರ ಯಾರಿಗೂ ಬರೆದದ್ದಲ್ಲದಂತೆ ಕಾಣುತ್ತದೆ. ಸರಿಯಾದ ಕ್ರಮವೆಂದರೆ ಮೇಲ್ ಮರ್ಜ್. ಹೆಸರು, ವಿಳಾಸ, ಆ ವಿಶೇಷ ವಾಕ್ಯ ಇವನ್ನು ಒಂದು ಪಟ್ಟಿಯಲ್ಲಿ ಬರೆದುಕೊಂಡರೆ, ಗಣಕವೇ ಒಬ್ಬೊಬ್ಬರಿಗೆ ಒಂದೊಂದು ಪ್ರತ್ಯೇಕ ಪತ್ರ ಮಾಡಿ ಕಳುಹಿಸುತ್ತದೆ.

ಈ ಪಟ್ಟಿಯಲ್ಲಿಯೇ ನಮ್ಮ ಕಡೆಯ ಹೆಸರುಗಳು ತೊಂದರೆ ಕೊಡುತ್ತವೆ. ಪಾಶ್ಚಾತ್ಯ ರೀತಿಯಲ್ಲಿ ಮಾಡಿದ ಪಟ್ಟಿ ಹೆಸರಿನ ಮೊದಲ ತುಂಡನ್ನೇ ಕರೆಯುವ ಹೆಸರೆಂದು ತಿಳಿಯುತ್ತದೆ. ದಕ್ಷಿಣದವರಲ್ಲಿ ಆ ಮೊದಲ ತುಂಡು ಊರಿನ ಅಥವಾ ತಂದೆಯ ಹೆಸರಿನ ಒಂದಕ್ಷರ. `Dear «First_Name»` ಎಂದು ಅಚ್ಚು ಹಾಕಿಟ್ಟರೆ ಹಿರಿಯ ಅಧಿಕಾರಿಯೊಬ್ಬರಿಗೆ "ಪ್ರಿಯ ಕೆ." ಎಂಬ ಪತ್ರ ಹೋಗುತ್ತದೆ. ಆದುದರಿಂದ ಪಟ್ಟಿಯಲ್ಲಿ "ಹೇಗೆ ಕರೆಯಬೇಕು" ಎಂಬ ಪ್ರತ್ಯೇಕ ಅಂಕಣವಿಟ್ಟು ಅದನ್ನು ಕೈಯಿಂದಲೇ ತುಂಬಬೇಕು. ತುಂಬುವಾಗ ಯಾರು ಕೆಲಸ ಬಿಟ್ಟಿದ್ದಾರೆ, ಯಾರು ಈ ವರ್ಷ ತೀರಿಕೊಂಡಿದ್ದಾರೆ, ಯಾರ ಮನೆಯಲ್ಲಿ ಸಾವಾಗಿ ಹಬ್ಬವಿಲ್ಲ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಪಟ್ಟಿಗೆ ಇದಾವುದೂ ಗೊತ್ತಿರುವುದಿಲ್ಲ. ದಿನಾಲು ಮಾತನಾಡುವವರಿಗೆ ಗೊತ್ತಿರುತ್ತದೆ.

ಇನ್ನು ಚಿತ್ರ. ಮಾವಿನ ತೋರಣದ ಸುಂದರ ಚಿತ್ರ ಬರೆಸಿ, ಶುಭಾಶಯವನ್ನು ಆ ಚಿತ್ರದೊಳಗೇ ಅಚ್ಚುಮಾಡಿ ಕಳುಹಿಸುವುದು ಸಾಮಾನ್ಯ. ಆದರೆ ಅನೇಕ ದೊಡ್ಡ ಕಚೇರಿಗಳ ಇಮೇಲ್ ವ್ಯವಸ್ಥೆ ಹೊರಗಿನಿಂದ ಬಂದ ಪತ್ರದ ಚಿತ್ರಗಳನ್ನು ತಾನಾಗಿ ತೋರಿಸುವುದಿಲ್ಲ. ತೆರೆದವರಿಗೆ ಖಾಲಿ ಚೌಕವೊಂದು ಕಾಣುತ್ತದೆ, ಹಬ್ಬ ಕಾಣುವುದಿಲ್ಲ. ಮಾತು ಅಕ್ಷರದಲ್ಲಿಯೇ ಇರಲಿ. ಚಿತ್ರ ಬೇಕೆನಿಸಿದರೆ ಸಣ್ಣದೊಂದು, ಅದು ಕಾಣದಿದ್ದರೂ ನಷ್ಟವಿಲ್ಲದಂತೆ. ಕನ್ನಡದಲ್ಲಿ ಒಂದು ಸಾಲು ಬರೆಯುವ ಆಸೆಯಿದ್ದರೆ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಬೇಕು. ಹಳೆಯ ಮಾದರಿಯ ಕನ್ನಡ ಫಾಂಟುಗಳಲ್ಲಿ ಬರೆದದ್ದು ಆ ಫಾಂಟು ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಬರೆದವರ ಗಣಕದಲ್ಲಿ ಸರಿಯಾಗಿಯೇ ಕಾಣುವುದರಿಂದ ತಪ್ಪು ಇಲ್ಲಿ ತಿಳಿಯುವುದಿಲ್ಲ. ಕಳುಹಿಸುವ ಮೊದಲು ಬೇರೆ ಊರಿನ ಸ್ನೇಹಿತರೊಬ್ಬರ ಗಣಕಕ್ಕೂ ಒಂದು ಫೋನಿಗೂ ಕಳುಹಿಸಿ ನೋಡುವುದೊಂದೇ ಪರೀಕ್ಷೆ.

ಕೊಂಡಿಯನ್ನಾಗಲಿ ಲಗತ್ತನ್ನಾಗಲಿ ಇಡಲೇಬಾರದು. ಹಬ್ಬದ ಶುಭಾಶಯದ ವೇಷದಲ್ಲಿ ಮೋಸದ ಇಮೇಲುಗಳು ಬರುವ ಕಾಲವಿದು. "ಹೊರಗಿನಿಂದ ಬಂದ ಪತ್ರದ ಕೊಂಡಿಯನ್ನು ಒತ್ತಬೇಡಿರಿ" ಎಂದು ದೊಡ್ಡ ಸಂಸ್ಥೆಗಳು ತಮ್ಮ ನೌಕರರಿಗೆ ಪಾಠ ಹೇಳಿಟ್ಟಿವೆ. ಕೊಡುಗೆಯ ಕೂಪನ್ನು ಇಟ್ಟರೆ ಇನ್ನೊಂದು ತೊಡಕು. ಹೊರಗಿನ ಸೇವಾ ಸಂಸ್ಥೆಯಿಂದ ಉಡುಗೊರೆ ಪಡೆಯಬಾರದೆಂಬ ನಿಯಮ ಅನೇಕ ಕಡೆ ಇದೆ, ಪಡೆದವರು ವರದಿ ಮಾಡಬೇಕಾಗುತ್ತದೆ. ಹಬ್ಬದ ದಿನ ಯಾರಿಗಾದರೂ ಆ ಕೆಲಸ ಹಚ್ಚುವುದು ಶುಭಾಶಯವಲ್ಲ.

ಕೊನೆಯದೊಂದು ಬಹಳ ಸಣ್ಣದು, ಬಹಳ ಜನರ ಕಣ್ಣು ತಪ್ಪುವಂಥದು. ಕಚೇರಿಯ ಇಮೇಲಿನಲ್ಲಿ ಸಹಿಯ ಕೆಳಗೆ ತಾನಾಗಿಯೇ ಒಂದು ಪಟ್ಟಿ ಅಂಟಿಕೊಳ್ಳುತ್ತದೆ. ಸಂಸ್ಥೆಯ ಸೇವೆಗಳ ಹೆಸರು, ಬಂದ ಪ್ರಶಸ್ತಿ, "ನಮ್ಮ ಹೊಸ ಸೇವೆಯನ್ನು ನೋಡಿರಿ" ಎಂಬ ಬಣ್ಣದ ಫಲಕ. ಎಷ್ಟೇ ಜಾಗ್ರತೆಯಿಂದ ಬರೆದ ಪತ್ರದ ಕೆಳಗೂ ಅದು ಬಂದು ಕೂತರೆ, ಮೇಲೆ ಹೊಡೆದುಹಾಕಿದ ಮಾರಾಟದ ಮಾತೆಲ್ಲ ಹಿಂಬಾಗಿಲಿನಿಂದ ಒಳಗೆ ಬಂದಂತಾಗುತ್ತದೆ. ಕಳುಹಿಸುವ ಒಂದು ಗಂಟೆ ಅದನ್ನು ತೆಗೆದಿಡಬೇಕು. ಪತ್ರ ಹೋಗುವುದೂ ಉತ್ತರ ತಲಪುವುದೂ ನಿಜವಾದ ಮನುಷ್ಯರ ವಿಳಾಸದಿಂದಲೇ ಆಗಬೇಕು. "ಈ ವಿಳಾಸಕ್ಕೆ ಉತ್ತರಿಸಬೇಡಿರಿ" ಎಂಬ ವಿಳಾಸದಿಂದ ಶುಭಾಶಯ ಹೇಳುವುದು ಬಾಗಿಲು ಮುಚ್ಚಿಕೊಂಡು ಒಳಗಿನಿಂದ ನಮಸ್ಕಾರ ಹೇಳಿದಂತೆ.

ಉತ್ತರ ಬಂದಾಗ

ನಲವತ್ತು ಪತ್ರಕ್ಕೆ ನಲವತ್ತು ಉತ್ತರ ಬರುವುದಿಲ್ಲ; ಬರಬೇಕಾಗಿಯೂ ಇಲ್ಲ. ಓದಿದರೋ ಇಲ್ಲವೋ ಎಂದು ಗುಟ್ಟಾಗಿ ಎಣಿಸುವ ಉಪಾಯಗಳಿವೆ. ಅವನ್ನು ಹಬ್ಬದ ಓಲೆಗೆ ಜೋಡಿಸುವುದು ಅತಿಥಿ ಎಷ್ಟು ಹೋಳಿಗೆ ತಿಂದರೆಂದು ಎಣಿಸಿದಂತೆ. ಬಂದ ಉತ್ತರಗಳನ್ನು ನೋಡಿದರೆ ಸಾಕು. "ನಿಮಗೂ ಶುಭಾಶಯ" ಎಂಬ ಒಂದು ಸಾಲು ಸೌಜನ್ಯ. "ನಿಮ್ಮ ಪತ್ರವನ್ನು ಉಗ್ರಾಣದವರಿಗೆ ಓದಿ ಹೇಳಿದೆ" ಎಂದು ಬಂದರೆ ಪತ್ರ ತನ್ನ ಕೆಲಸ ಮಾಡಿದೆ. ಆ ಉತ್ತರಕ್ಕೆ ಮರು ಉತ್ತರವಾಗಿ "ಅಂದ ಹಾಗೆ, ಒಪ್ಪಂದದ ವಿಷಯ" ಎಂದು ಎತ್ತಕೂಡದು. ಏಪ್ರಿಲಿನಲ್ಲಿ ಅದಕ್ಕೆ ಬೇರೆ ಪತ್ರವಿದೆ.

ಒಮ್ಮೊಮ್ಮೆ ಶುಭಾಶಯಕ್ಕೆ ದೂರೊಂದು ಉತ್ತರವಾಗಿ ಬರುತ್ತದೆ: "ಹಬ್ಬದ ಮಾತು ಇರಲಿ, ನಮ್ಮ ಬಿಲ್ಲಿನ ತೊಂದರೆ ಮೂರು ವಾರದಿಂದ ಹಾಗೆಯೇ ಇದೆ." ಇದನ್ನು ಅಪಶಕುನವೆಂದು ತಿಳಿಯಬಾರದು. ಯಾರಿಗೆ ಹೇಳಬೇಕೆಂದು ತಿಳಿಯದೆ ಇದ್ದವರಿಗೆ ಮನುಷ್ಯರೊಬ್ಬರ ವಿಳಾಸ ಸಿಕ್ಕಿದೆ. ಅಂದೇ ಆ ಕೆಲಸದವರಿಗೆ ಅದನ್ನು ಮುಟ್ಟಿಸಿ, ಇಂಥವರು ನೋಡುತ್ತಿದ್ದಾರೆಂದು ಎರಡು ಸಾಲು ಬರೆದರೆ ಆಯಿತು. ಯಂತ್ರ ನಿಂತು ಇನ್ನೂ ದುರಸ್ತಿಯಾಗದೆ ಇರುವ ಗ್ರಾಹಕರ ಹೆಸರನ್ನಂತೂ ಕಳುಹಿಸುವ ಮೊದಲೇ ಪಟ್ಟಿಯಿಂದ ತೆಗೆದಿಡಬೇಕು. ಅವರಿಗೆ ಅಂದು ಬೇಕಾದದ್ದು ಬೆಲ್ಲವಲ್ಲ, ದುರಸ್ತಿ ಮಾಡುವವನು. ಯಂತ್ರ ಸರಿಹೋದ ಮೇಲೆ, ಹಬ್ಬ ಕಳೆದು ಎರಡು ದಿನವಾಗಿದ್ದರೂ ಸರಿಯೇ, ಫೋನು ಮಾಡಿ ಶುಭಾಶಯ ಹೇಳಬಹುದು.